ವಾಚಿನ ಸ್ಟೀಲ್ ಚೈನ್ ಚಿಕ್ಕದು ಮಾಡೋದು: ಬಾಣದ ಗುರುತು ಎರಡೂ ಕಡೆ ಉಲ್ಟಾ ಇದೆ, ಪಿನ್ ಅಲುಗಾಡುತ್ತಿಲ್ಲ

ಸಡಿಲಚೈನು
ಎಲ್ಲರಿಗೂ ನಮಸ್ಕಾರ. ಸ್ಟೀಲ್ ಚೈನಿನ ವಾಚು, ಕೈಗೆ ತುಂಬಾ ಸಡಿಲ. ಕೈ ಕೆಳಗೆ ಬಿಟ್ಟರೆ ಡಯಲ್ ಮಣಿಕಟ್ಟಿನ ಪಕ್ಕಕ್ಕೆ ತಿರುಗಿ ನಿಲ್ಲುತ್ತದೆ. ಮನೆಯಲ್ಲೇ ಲಿಂಕ್ ತೆಗೆಯೋಣ ಅಂತ ಸ್ಕ್ರೂ ತಿರುಗಿಸಿ ಪಿನ್ ತಳ್ಳುವ ಚಿಕ್ಕ ಟೂಲ್ ತಂದಿದ್ದೇನೆ. ಎರಡು ಪ್ರಶ್ನೆ.

ಒಂದು, ಲಿಂಕ್‌ಗಳ ಒಳಬದಿಯಲ್ಲಿ ಚಿಕ್ಕ ಬಾಣಗಳಿವೆ. ಚೈನನ್ನು ಬಿಡಿಸಿ ಚಪ್ಪಟೆ ಇಟ್ಟು ನೋಡಿದರೆ ಒಂದು ಅರ್ಧದ ಬಾಣಗಳು ಎಡಕ್ಕೆ, ಇನ್ನೊಂದು ಅರ್ಧದವು ಬಲಕ್ಕೆ ತೋರಿಸುತ್ತಿವೆ. ಇದು ತಯಾರಿಕೆಯ ದೋಷವಾ?

ಎರಡು, ಬಾಣದ ದಿಕ್ಕಿಗೇ ತಳ್ಳಿದೆ. ಪಿನ್ ಕೂದಲೆಳೆಯಷ್ಟೂ ಸರಿಯಲಿಲ್ಲ. ಟೂಲಿನ ಸೂಜಿ ಮಾತ್ರ ಸ್ವಲ್ಪ ಬಾಗಿದೆ. ಇನ್ನೂ ಜೋರಾಗಿ ತಿರುಗಿಸಲಾ, ಬೇಡ್ವಾ?

ಟಿಕ್‌ಟಿಕ್
ಬೇಡ! ಇನ್ನೊಂದು ಸುತ್ತು ತಿರುಗಿಸಿದರೆ ಸೂಜಿ ಮುರಿದು ತೂತಿನೊಳಗೇ ಕೂರುತ್ತದೆ. ಆಮೇಲೆ ಎರಡು ಕೆಲಸ.

ನೇರಮಾತು
ಬಾಣ ಅಂದ್ರೆ ಪಿನ್ ಹಾಕುವ ದಿಕ್ಕು. ತೆಗೆಯೋಕೆ ಅದರ ಉಲ್ಟಾ ತಳ್ಳಬೇಕು. ಅದಕ್ಕೇ ಬರುತ್ತಿಲ್ಲ ನಿಮಗೆ.

ಟಿಕ್‌ಟಿಕ್
ಇಲ್ಲ ಸ್ವಾಮಿ, ಬಾಣ ಅಂದ್ರೆ ತೆಗೆಯುವ ದಿಕ್ಕು. ಹಾಕೋದು ಉಲ್ಟಾ.

ನೇರಮಾತು
ನಾನು ನನ್ನ ವಾಚಿಗೆ ಹಾಗೇ ಮಾಡಿದ್ದು. ಉಲ್ಟಾ ಹೊಡೆದೆ, ಬಂತು.

ಬೆಂಚುಲ್ಯಾಂಪ್
ರಿಪೇರಿ ಬೆಂಚಿನಲ್ಲೇ ದಿನ ಕಳೆಯುವವನು ನಾನು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಾಣ ತೋರಿಸುವುದು ಪಿನ್ ಹೊರಗೆ ಹೋಗುವ ದಿಕ್ಕನ್ನು. ಬಾಣದ ಬಾಲದ ಕಡೆಯಿಂದ ತಳ್ಳಬೇಕು, ಮೊನೆಯ ಕಡೆ ಪಿನ್ ಹೊರಬರುತ್ತದೆ. ಹಾಕುವಾಗ ಮೊನೆಯ ಕಡೆಯಿಂದಲೇ ಒಳಗೆ. ನೇರಮಾತು ಅವರೇ, ಉಲ್ಟಾ ಹೊಡೆದರೂ ಪಿನ್ ಬರುವುದುಂಟು, ಸುಳ್ಳಲ್ಲ. ಆದರೆ ಪಿನ್ನಿನ ಒಂದು ತುದಿ ಸೀಳಿರುತ್ತದೆ. ಆ ಸೀಳು ತುದಿ ಸ್ವಲ್ಪ ಅಗಲ, ತೂತಿನ ಗೋಡೆಯನ್ನು ಒತ್ತಿ ಹಿಡಿಯುವುದೇ ಅದು. ಉಲ್ಟಾ ತಳ್ಳಿದರೆ ಆ ಅಗಲ ತುದಿ ಇಡೀ ಚೈನಿನ ಅಗಲ ಉಜ್ಜಿಕೊಂಡು ದಾಟಿ ಬರಬೇಕು. ಬರುವಾಗ ತೂತನ್ನು ಕೆರೆದು ದೊಡ್ಡದು ಮಾಡುತ್ತದೆ. ಅವತ್ತು ಏನೂ ಗೊತ್ತಾಗೋದಿಲ್ಲ. ಕೆಲವು ತಿಂಗಳಾದ ಮೇಲೆ ಪಿನ್ ತಾನಾಗಿ ಇಣುಕಲು ಶುರುಮಾಡುತ್ತದೆ.

ಎರಡು ಅರ್ಧದ ಬಾಣ ಉಲ್ಟಾ ಇರುವುದು ದೋಷ ಅಲ್ಲ. ಎರಡೂ ಕಡೆ ಒಂದೇ ಬಗೆಯ ಲಿಂಕ್‌ಗಳು. ಒಂದು ಸಾಲು ಹನ್ನೆರಡರ ಕಡೆ ಜೋಡಿಸಿ, ಇನ್ನೊಂದನ್ನು ಅರ್ಧ ಸುತ್ತು ತಿರುಗಿಸಿ ಆರರ ಕಡೆ ಜೋಡಿಸಿದರೆ ಬಾಣಗಳೂ ತಿರುಗುತ್ತವೆ. ಎಲ್ಲ ವಾಚಲ್ಲೂ ಹೀಗೇ ಇರಬೇಕು ಅಂತೇನಿಲ್ಲ. ಎಡ, ಬಲ ಅಂತ ನೆನಪಿಟ್ಟುಕೊಳ್ಳಬೇಡಿ. ಕೈ ಹಾಕುವ ಲಿಂಕಿನ ಬಾಣವನ್ನು ಆಗಾಗಲೇ ನೋಡಿ.

ಇಂಥ ಪಿನ್ ಚೈನಿನಲ್ಲಿ ಬಾಣ ಇಲ್ಲದ ಲಿಂಕ್‌ಗಳು ತೆಗೆಯುವಂಥವಲ್ಲ, ಅವುಗಳ ತಂಟೆಗೆ ಹೋಗಬೇಡಿ.

ರೇಖೆಗೆರೆ
ನನ್ನ ವಾಚಿನ ಪಕ್ಕದಲ್ಲಿ ಸ್ಕ್ರೂ ತಲೆಯಂತೆ ಗೆರೆ ಕಾಣುತ್ತದೆ. ಚಿಕ್ಕ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಿರುಗುತ್ತಲೇ ಇದೆ, ಹೊರಗೆ ಬರುತ್ತಿಲ್ಲ. ಥ್ರೆಡ್ ಹೋಗಿದೆಯಾ?

ಬೆಂಚುಲ್ಯಾಂಪ್
ಒಳಬದಿಯಲ್ಲಿ ಬಾಣ ಇದೆಯಾ ನೋಡಿ ಮೇಡಂ. ಇದ್ದರೆ ಅದು ಸ್ಕ್ರೂ ಅಲ್ಲ. ಸೀಳು ಪಿನ್ನಿನ ತುದಿಯನ್ನು ನೇರ ಎದುರಿನಿಂದ ನೋಡಿದರೆ ಆ ಸೀಳೇ ಸ್ಕ್ರೂ ಗೆರೆಯಂತೆ ಕಾಣುತ್ತದೆ. ಎಷ್ಟು ತಿರುಗಿಸಿದರೂ ಅಲ್ಲೇ ಸುತ್ತುತ್ತದೆ. ನಿಜವಾದ ಸ್ಕ್ರೂಗೆ ದುಂಡನೆಯ ತಲೆ ಇರುತ್ತದೆ, ಗೆರೆ ಆ ತಲೆಯ ಅಂಚಿನವರೆಗೂ ನೀಟಾಗಿ ಕತ್ತರಿಸಿರುತ್ತದೆ. ಸೀಳು ಪಿನ್ನಿಗೆ ತಲೆಯೇ ಇರಲ್ಲ, ಎರಡು ಅರ್ಧಚಂದ್ರ ಒತ್ತಿಕೊಂಡು ಕೂತ ಹಾಗೆ ಕಾಣುತ್ತದೆ.

ರೇಖೆಗೆರೆ
ಬಾಣ ಇದೆ! ಸುಮ್ನೆ ತಿರುಗಿಸ್ತಾ ಕೂತಿದ್ದೆ ನೋಡಿ.

ಸಡಿಲಚೈನು
ಬೆಂಚುಲ್ಯಾಂಪ್ ಸರ್, ದಿಕ್ಕು ಸರಿ ಇದೆ ಅಂತ ಆಯ್ತು. ಹಾಗಾದರೆ ಪಿನ್ ಯಾಕೆ ಬರುತ್ತಿಲ್ಲ?

ಗುದ್ದಪ್ಪ
ಸುತ್ತಿಗೆ ತಗೊಂಡು ಗುದ್ದಿ. ಟೂಲು ಗೀಲು ಯಾಕೆ? ಮೊಳೆ ಇಟ್ಟು ಒಂದೇಟು ಹಾಕಿದ್ರೆ ಬರುತ್ತೆ.

ಟಿಕ್‌ಟಿಕ್
ಮೊಳೆ ಇಟ್ಟರೆ ಮೊನೆ ಜಾರಿ ಲಿಂಕಿನ ಪಾಲಿಶ್ ಮೇಲೆ ಗೀರು ಗ್ಯಾರಂಟಿ. ಮೊಳೆಯ ಮೈ ಬೇರೆ ಮೊನೆಯಿಂದ ಮೇಲಕ್ಕೆ ದಪ್ಪ ಆಗ್ತಾ ಹೋಗುತ್ತದೆ. ಎರಡು ಮಿಲಿಮೀಟರ್ ಒಳಗೆ ಹೋಗಿ ತೂತಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ.

ಬೆಂಚುಲ್ಯಾಂಪ್
ಗುದ್ದಪ್ಪ ಅವರು ಹೇಳಿದ್ದರಲ್ಲಿ ಅರ್ಧ ಸರಿ. ಜಾಮ್ ಆದ ಪಿನ್ನಿಗೆ ನಿಧಾನದ ಒತ್ತಡಕ್ಕಿಂತ ಚಿಕ್ಕ, ಚುರುಕಾದ ಏಟು ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಕ್ರೂ ಟೂಲಿನ ಸೂಜಿ ತೆಳ್ಳಗೆ, ಉದ್ದ. ಒತ್ತಿದಷ್ಟೂ ಬಾಗುತ್ತದೆ. ಏಟಿಗೆ ಮಾತ್ರ ಮೊಳೆ ಬೇಡ, ಪಂಚ್ ಬೇಕು. ಅದರ ತುದಿ ಚಪ್ಪಟೆ, ಮೈ ಒಂದೇ ದಪ್ಪ. ಪಂಚ್ ಪಿನ್ನಿಗಿಂತ ಒಂದು ಕೂದಲು ತೆಳ್ಳಗಿರಬೇಕು. ಪಿನ್ 1 ಮಿ.ಮೀ. ಇದ್ದರೆ 0.8 ಅಥವಾ 0.9ರ ಪಂಚ್. ತೀರಾ ತೆಳ್ಳಗಿನದು ತಗೊಂಡರೆ ಸೀಳು ಪಿನ್ ವಾಪಸ್ ಹಾಕುವಾಗ ಸೀಳಿನ ಮಧ್ಯೆ ಹೊಕ್ಕು ಪಿನ್ನನ್ನು ಇನ್ನಷ್ಟು ಅಗಲಿಸುತ್ತದೆ. ಸುತ್ತಿಗೆ ಹಿತ್ತಾಳೆಯದೋ ನೈಲಾನ್ ತಲೆಯದೋ ಆದರೆ ಸಾಕು, ಹಗುರವಾದದ್ದು.

ಆದರೆ ಏಟಿಗೂ ಮೊದಲು ಒಂದು ಕೆಲಸ. ಹಾಕಿಕೊಂಡು ಓಡಾಡಿದ ಚೈನು ತಾನೇ? ಬೆವರು, ಸೋಪು, ಚರ್ಮದ ಕೊಳೆ ಎಲ್ಲ ಸೇರಿ ಪಿನ್ನಿನ ಸುತ್ತ ಗೋಂದಿನಂತೆ ಗಟ್ಟಿಯಾಗಿರುತ್ತದೆ. ಸಾಧ್ಯವಾದರೆ ಚೈನನ್ನು ವಾಚಿನಿಂದ ಬಿಚ್ಚಿ. ಬೆಚ್ಚಗಿನ ಸೋಪು ನೀರಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಟೂತ್ ಬ್ರಶ್‌ನಿಂದ ಲಿಂಕಿನ ಸಂದುಗಳನ್ನು ಉಜ್ಜಿ. ಕಪ್ಪು ನೀರು ಬರುತ್ತದೆ, ಹೆದರಬೇಡಿ. ಒಣಗಿಸಿ ಮತ್ತೆ ನೋಡಿ.

ಇನ್ನೊಂದು, ಟೂಲಿನ ತೊಟ್ಟಿಲಲ್ಲಿ ಲಿಂಕ್ ನೇರ ಕೂತಿತ್ತಾ? ಒಂದು ಚೂರು ವಾಲಿದ್ದರೂ ಸೂಜಿ ಪಿನ್ನಿನ ನಡುವಿಗೆ ಬಡಿಯದೆ ಅಂಚಿಗೆ ಒತ್ತುತ್ತದೆ. ಸೂಜಿ ಬಾಗೋದು ಜಾಸ್ತಿ ಅದಕ್ಕೇ.

ಎಣ್ಣೆಡಬ್ಬಿ
ನೀರು ಯಾಕೆ, ತುಕ್ಕು ಬಿಡಿಸುವ ಎಣ್ಣೆ ಒಂದು ತೊಟ್ಟು ಬಿಟ್ಟು ರಾತ್ರಿ ಇಟ್ಟರೆ ಬೆಳಿಗ್ಗೆ ತಾನಾಗೇ ಜಾರುತ್ತೆ.

ಬೆಂಚುಲ್ಯಾಂಪ್
ಸೋಪು ನೀರಿಗೆ ಬಗ್ಗದಿದ್ದರೆ ಎಣ್ಣೆ, ಸರಿ. ಆದರೆ ಹಾಕುವ ಮೊದಲು ಆ ಎಣ್ಣೆಯನ್ನು ಪೂರ್ತಿ ತೊಳೆಯಬೇಕು. ಪಿನ್ ನಿಲ್ಲೋದು ಬರೀ ಬಿಗಿತದಿಂದ. ಎಣ್ಣೆ ಉಳಿದರೆ ಹೋಗುವಾಗಲೂ ಸಲೀಸು, ಬೀಳುವಾಗಲೂ ಸಲೀಸು.

ಎಣ್ಣೆಡಬ್ಬಿ
ಅದು ಹೌದು. ಒಪ್ಪಿದೆ.

ಚರ್ಮದಪಟ್ಟಿ
ನಾನು ಚರ್ಮದ ಪಟ್ಟಿಗೆ ಇನ್ನೊಂದು ತೂತು ಹಾಕಬೇಕು. ಈ ಪಂಚ್ ಅದಕ್ಕೂ ಆಗುತ್ತಾ?

ಟಿಕ್‌ಟಿಕ್
ಅದು ಬೇರೆ ಪಂಚ್ ಅಣ್ಣಾ. ಅದಕ್ಕೆ ಟೊಳ್ಳು ಬಾಯಿಯದು ಬೇಕು. ಬೇರೆ ಥ್ರೆಡ್ ಹಾಕಿ, ಇಲ್ಲಿ ಗೋಜಲಾಗುತ್ತೆ.

ಸಡಿಲಚೈನು
ನೆನೆಸಿ, ಉಜ್ಜಿ ಬಂದೆ. ಕಪ್ಪು ನೀರಿನ ಬಗ್ಗೆ ಹೇಳಿದ್ದು ನಿಜ, ಅಸಹ್ಯ! 0.8ರ ಪಂಚ್ ಸಿಕ್ಕಿತು. ಎರಡು ಏಟಿಗೆ ಪಿನ್ ಮೊನೆಯ ಕಡೆ ಇಣುಕಿತು. ಇನ್ನೂ ಹೊರಗೆ ತೆಗೆದಿಲ್ಲ. ಅದಕ್ಕೂ ಮೊದಲು, ಎಷ್ಟು ಲಿಂಕ್ ತೆಗೆಯಬೇಕು, ಯಾವ ಕಡೆಯಿಂದ? ಒಂದು ಲಿಂಕ್ ಅಳತೆ ಮಾಡಿದೆ, ಸುಮಾರು 8 ಮಿ.ಮೀ. ಇದೆ. ಕೊಂಡಿಯ ಪಕ್ಕದಲ್ಲಿ ನಾಲ್ಕು ಚಿಕ್ಕ ತೂತುಗಳಿವೆ, ಒಂದರಿಂದ ಇನ್ನೊಂದಕ್ಕೆ 2.5 ಮಿ.ಮೀ. ಆಸುಪಾಸು. ಈಗ ಕೊಂಡಿ ಅತಿ ಸಡಿಲದ ತೂತಿನಲ್ಲಿದೆ.

ಟಿಕ್‌ಟಿಕ್
ಕೈಗೆ ಹಾಕಿಕೊಂಡು ಕೊಂಡಿಯ ಹತ್ತಿರ ಹೆಚ್ಚಾದ ಚೈನನ್ನು ಬೆರಳಲ್ಲಿ ಚಿವುಟಿ ಹಿಡಿಯಿರಿ. ವಾಚು ಹಿತವಾಗಿ ಕೂರುವಷ್ಟು ಮಾತ್ರ. ಚಿವುಟಿನಲ್ಲಿ ಸಿಕ್ಕ ಮಡಿಕೆ ಬಿಡಿಸಿದರೆ ಎಷ್ಟು ಉದ್ದ?

ಸಡಿಲಚೈನು
ಎರಡು ಲಿಂಕ್ ಪೂರ್ತಿ, ಮೇಲೆ ಸ್ವಲ್ಪ. 21 ಮಿ.ಮೀ. ಅಂತ ಇಟ್ಟುಕೊಳ್ಳಿ.

ಬೆಂಚುಲ್ಯಾಂಪ್
ಹಾಗಿದ್ದರೆ ಎರಡೇ ಲಿಂಕ್ ತೆಗೆಯಿರಿ, 16 ಆಯ್ತು. ಉಳಿದ 5ಕ್ಕೆ ಕೊಂಡಿಯ ಸ್ಪ್ರಿಂಗ್ ಬಾರನ್ನು ಎರಡು ತೂತು ಒಳಗೆ ಸರಿಸಿ. ಸರಿಯಾಗಿ ಕೂರುತ್ತದೆ, ಆ ಕಡೆ ಒಂದು ತೂತು, ಈ ಕಡೆ ಎರಡು ತೂತು ಮಿಗುತ್ತದೆ. ಸೆಖೆಗೆ ಕೈ ಊದಿಕೊಳ್ಳುತ್ತದೆ, ಆಗ ಒಂದು ತೂತು ಸಡಿಲ ಮಾಡಬಹುದು. ಮೂರು ಲಿಂಕ್ ತೆಗೆದು 24 ಮಾಡಿದರೆ ಸಡಿಲ ಮಾಡಲು ತೂತೇ ಇರಲ್ಲ, ಕೊಂಡಿ ಈಗಾಗಲೇ ಕೊನೆಯ ತೂತಲ್ಲಿದೆ.

ಯಾವ ಕಡೆ ಅನ್ನುವುದು ಕೊಂಡಿ ಎಲ್ಲಿ ನಿಲ್ಲುತ್ತದೆ ಅನ್ನುವುದರ ಮೇಲೆ. ಮಣಿಕಟ್ಟಿನ ಅಡಿಯಲ್ಲಿ ಕೊಂಡಿ ನಡುವಿಗೆ ಬರಬೇಕು. ಈಗಲೇ ನಡುವಿನಲ್ಲಿದ್ದರೆ ಎರಡೂ ಕಡೆ ಒಂದೊಂದು. ಹನ್ನೆರಡರ ಕಡೆಗೆ ಎಳೆದಿದ್ದರೆ ಆ ಕಡೆ ಚಿಕ್ಕದಾಯಿತು ಅಂತ, ಎರಡನ್ನೂ ಆರರ ಕಡೆಯಿಂದ ತೆಗೆಯಿರಿ.

ಸಡಿಲಚೈನು
ಹನ್ನೆರಡರ ಕಡೆಗೇ ಎಳೆದಿದೆ. ಎರಡೂ ಆರರ ಕಡೆಯಿಂದ ಅಂತ ಆಯ್ತು. ನಾಲ್ಕು ಪಿನ್ ತೆಗೆಯಬೇಕಾ?

ಟಿಕ್‌ಟಿಕ್
ಇಲ್ಲ. ಪಕ್ಕಪಕ್ಕದ ಎರಡು ಲಿಂಕ್ ಒಟ್ಟಿಗೇ ಬರಲಿ. ಆ ಜೋಡಿಯ ಎರಡು ತುದಿಯ ಪಿನ್ ತೆಗೆದರೆ ಸಾಕು, ನಡುವಿನದು ಹಾಗೇ ಇರಲಿ. ಎರಡೂ ಕಡೆ ಒಂದೊಂದು ತೆಗೆಯುವವರಿಗೆ ಮಾತ್ರ ನಾಲ್ಕು.

ಬಿಳಿಬಟ್ಟೆ
ಯಾರೂ ಹೇಳದ ವಿಷಯ ಒಂದಿದೆ. ಪಿನ್ ಪೂರ್ತಿ ಹೊರಗೆ ಎಳೆಯುವ ಮೊದಲು ಕೆಳಗೆ ಬಿಳಿ ಬಟ್ಟೆಯೋ ಅಂಚಿರುವ ತಟ್ಟೆಯೋ ಇಡಿ. ಕೆಲವು ವಾಚುಗಳಲ್ಲಿ, ಸೀಕೊದ ಎಷ್ಟೋ ಮಾಡೆಲ್‌ಗಳಲ್ಲಿ, ಪಿನ್ ಜೊತೆಗೆ ಒಂದು ಚಿಕ್ಕ ಕೊಳವೆ ಇರುತ್ತದೆ. ಅದನ್ನು ಕಾಲರ್ ಅಂತಾರೆ. ಅಲ್ಲಿ ಪಿನ್ನಿಗೆ ಸೀಳು ಇರೋದಿಲ್ಲ, ಬರೀ ನುಣುಪು ಕಡ್ಡಿ. ಅದನ್ನು ಹಿಡಿಯುವುದೇ ಆ ಕೊಳವೆ. ಪಿನ್ ಹೊರಬಂದಾಗ ಅದು ಸದ್ದಿಲ್ಲದೆ ಉದುರುತ್ತದೆ. ಎಷ್ಟೋ ಜನ ಅದನ್ನು ಕಸದ ಚೂರು ಅಂದುಕೊಂಡು ಗುಡಿಸಿಬಿಡುತ್ತಾರೆ.

ಸಡಿಲಚೈನು
ಅಯ್ಯೋ. ಒಂದು ನಿಮಿಷ, ಈಗಲೇ ತಟ್ಟೆ ಇಟ್ಟು ತೆಗೆಯುತ್ತೇನೆ.

ನೇರಮಾತು
ಕಾಲರ್ ಇಲ್ಲದಿದ್ದರೂ ಪಿನ್ ನಿಲ್ಲುತ್ತೆ, ತೂತೇ ಬಿಗಿ ಇರುತ್ತಲ್ಲ.

ಬಿಳಿಬಟ್ಟೆ
ನಿಲ್ಲಲ್ಲ. ಕಾಲರ್ ಚೈನಿನಲ್ಲಿ ತೂತು ಪಿನ್ನಿಗಿಂತ ದೊಡ್ಡದೇ ಇರುತ್ತದೆ. ಪರೀಕ್ಷೆ ಸುಲಭ. ಹಾಕುವಾಗ ಪಿನ್ ಹೆಬ್ಬೆರಳ ಒತ್ತಿಗೇ ಈ ಕಡೆಯಿಂದ ಆ ಕಡೆ ಜಾರಿ ಹೋದರೆ ಕಾಲರ್ ಜಾಗದಲ್ಲಿಲ್ಲ ಅಂತಲೇ ಅರ್ಥ. ಸರಿಯಾಗಿದ್ದರೆ ದಾರಿಯಲ್ಲಿ ಒಮ್ಮೆ ತಡೆಯುತ್ತದೆ, ಅಲ್ಲಿಂದ ಮುಂದಕ್ಕೆ ಏಟು ಬೇಕು.

ಸಡಿಲಚೈನು
ತೆಗೆದೆ. ನುಣುಪು ಕಡ್ಡಿ, ಸೀಳು ಇಲ್ಲ. ತಟ್ಟೆಯಲ್ಲಿ ಕೊಳವೆ ಇಲ್ಲ! ಎಲ್ಲಿ ಹೋಯ್ತು?

ಬೆಂಚುಲ್ಯಾಂಪ್
ಗಾಬರಿ ಬೇಡ. ಮೊದಲು ಪಿನ್ನಿನ ಮೈ ನೋಡಿ, ಎಷ್ಟೋ ಸಲ ಕೊಳವೆ ಪಿನ್ನಿನ ಮೇಲೇ ಕೂತು ಬರುತ್ತದೆ. ಅಲ್ಲಿ ಇಲ್ಲದಿದ್ದರೆ ನಡುವಿನ ಲಿಂಕಿನ ತೂತಿಗೆ ಬೆಳಕು ಹಿಡಿದು ನೋಡಿ. ಅಲ್ಲೂ ಇಲ್ಲದಿದ್ದರೆ ಅಂಚಿನ ತೂತುಗಳಲ್ಲಿ, ಬಾಣದ ಮೊನೆಯ ಕಡೆ, ಬಾಲದ ಕಡೆ ಎರಡನ್ನೂ ನೋಡಿ. ಒಂದೊಂದು ಮಾಡೆಲಿನಲ್ಲಿ ಒಂದೊಂದು ಜಾಗ.

ಸಡಿಲಚೈನು
ಸಿಕ್ತು. ನಡುವಿನ ಲಿಂಕಿನ ತೂತಿನ ಒಳಗೇ ಇದೆ. ತೂತಿನ ಸುತ್ತ ಇನ್ನೊಂದು ತೆಳು ಉಂಗುರದಂತೆ ಕಾಣುತ್ತದೆ. ಹೊರಗೆ ತೆಗೆಯಬೇಕಾ?

ಬೆಂಚುಲ್ಯಾಂಪ್
ಅದು ಇರಬೇಕಾದ ಜಾಗವೇ ಅದು, ಮುಟ್ಟಬೇಡಿ. ಆದರೆ ಒಂದು ನೋಡಿ. ಆ ನಡುವಿನ ತುಂಡು ಉಳಿಯುವ ಚೈನಿಗೆ ಸೇರಿದ್ದಾ, ತೆಗೆದುಹಾಕುವ ಲಿಂಕಿಗೆ ಸೇರಿದ್ದಾ? ತೆಗೆದುಹಾಕುವುದರಲ್ಲಿ ಕೂತಿದ್ದರೆ ಪರವಾಗಿಲ್ಲ, ಅದು ಅಲ್ಲೇ ಇರಲಿ. ಆಗ ಇನ್ನೊಂದು ತುದಿಯ ಪಿನ್ ತೆಗೆದಾಗ ಅಲ್ಲಿನ ಕೊಳವೆ ಉಳಿಯುವ ಚೈನಿನ ಕಡೆ ಇರುತ್ತದೆ. ಮತ್ತೆ ಜೋಡಿಸುವ ಜಾಗದಲ್ಲಿ ಒಂದು ಕೊಳವೆ ಇರಬೇಕು, ಅಷ್ಟೇ ಲೆಕ್ಕ.

ಜೋಡಿಸುವಾಗ ಜನ ದಿಕ್ಕು ತಪ್ಪೋದು ಇಲ್ಲೇ. ನಾನು ಹೊಸಬರಿಗೆ ಹೇಳೋದು ಹೀಗೆ: ಚೈನನ್ನು ಅದನ್ನು ಹಿಡಿದುಕೊಳ್ಳುವ ಹೋಲ್ಡರಿನ ಸಂದಿನಲ್ಲಿ ಅಡ್ಡಲಾಗಿ ನಿಲ್ಲಿಸಿ. ತೆಗೆಯುವಾಗ ಬಾಣ ಕೆಳಗೆ ನೋಡಬೇಕು. ಹಾಕುವಾಗ ಬಾಣ ಮೇಲೆ ನೋಡಬೇಕು. ಏಟು ಯಾವತ್ತೂ ಮೇಲಿನಿಂದಲೇ. ಇದು ತಲೆಯಲ್ಲಿದ್ದರೆ ಟಿಕ್‌ಟಿಕ್, ನೇರಮಾತು ಇಬ್ಬರ ಜಗಳಕ್ಕೂ ಜಾಗ ಇರಲ್ಲ.

ನೇರಮಾತು
ಸರಿ ಸರಿ, ಬಾಣ ಕೆಳಗೆ. ಆದರೆ ನನ್ನ ಚೈನಿನ ತೂತು ದೊಡ್ಡದಾಗಿಲ್ಲ, ಇನ್ನೂ ಗಟ್ಟಿ ಇದೆ.

ಟಿಕ್‌ಟಿಕ್
ವಾರಕ್ಕೊಮ್ಮೆ ಪಿನ್ನಿನ ತುದಿ ಮೇಲೆ ಉಗುರು ಸವರಿ ನೋಡ್ತಿರಿ. ತಗುಲಿದರೆ ಹೊರಬರ್ತಿದೆ ಅಂತ.

ಸೀಳುಪಿನ್ನು
ನನ್ನದು ಸೀಳು ಪಿನ್ನಿನ ಚೈನು. ತೆಗೆದ ಪಿನ್ನನ್ನೇ ಮತ್ತೆ ಹಾಕಬಹುದಾ? ಯಾವ ತುದಿ ಮೊದಲು?

ಬೆಂಚುಲ್ಯಾಂಪ್
ಹೊರಗೆ ಬರುವಾಗ ಯಾವ ತುದಿ ಮೊದಲು ಬಂತೋ ಅದು ಒಳಗೆ ಹೋಗುವಾಗ ಕೊನೆಗೆ. ಅಂದರೆ ಗಟ್ಟಿ ತುದಿ ಮೊದಲು, ಸೀಳು ತುದಿ ಕೊನೆಗೆ. ಕೈಯಲ್ಲಿ ಒತ್ತಿದರೆ ಸಲೀಸಾಗಿ ಹೋಗಿ ಕೊನೆಯ ಎರಡು ಮೂರು ಮಿ.ಮೀ. ಹೊರಗೆ ನಿಲ್ಲಬೇಕು. ಅಷ್ಟನ್ನು ಮಾತ್ರ ಸುತ್ತಿಗೆಯಿಂದ ತಟ್ಟಿ ಒಳಗೆ ಕಳಿಸಿ. ಅಂಚಿಗೆ ಸಮ ಆದಮೇಲೆ ಪಂಚಿನಿಂದ ಇನ್ನೊಂದು ಮೆಲು ಏಟು. ಎರಡೂ ಬದಿ ಪಿನ್ ಒಂದು ಚೂರು ಒಳಗೇ ಇರಬೇಕು, ಆಗ ಅಂಗಿಯ ತೋಳಿಗೆ ಸಿಕ್ಕಿಕೊಳ್ಳಲ್ಲ.

ಬಿಳಿಬಟ್ಟೆ
ಹಳೇ ಪಿನ್ ಮತ್ತೆ ಹಾಕೋದು ನನಗೆ ಇಷ್ಟ ಇಲ್ಲ. ಸೀಳು ಒಮ್ಮೆ ಒತ್ತಿಸಿಕೊಂಡರೆ ಮೊದಲಿನ ಬಿಗಿ ಬರಲ್ಲ. ಅಷ್ಟೇ ದಪ್ಪ, ಅಷ್ಟೇ ಉದ್ದದ ಹೊಸದು ಹಾಕಿ.

ಬೆಂಚುಲ್ಯಾಂಪ್
ನಾನು ಹಾಕುತ್ತೇನೆ ಮೇಡಂ. ನೇರ ಇದ್ದು, ಕೊನೆಯಲ್ಲಿ ಏಟು ಕೇಳಿದರೆ ಅದೇ ಪಿನ್. ಬೆರಳಿಗೇ ಪೂರ್ತಿ ಹೋಯಿತಾ, ಆಗ ಹೊಸದು.

ಎಣ್ಣೆಡಬ್ಬಿ
ಸೀಳಿಗೆ ಬ್ಲೇಡು ಹಾಕಿ ಒಂಚೂರು ಅಗಲಿಸಿದರೆ ಮತ್ತೆ ಬಿಗಿ ಬರುತ್ತೆ. ನಾನು ಹಾಗೇ ಮಾಡೋದು.

ಬಿಳಿಬಟ್ಟೆ
ಬುಡದಲ್ಲಿ ಬಿರುಕು ಬಿಡುತ್ತೆ ಅದು. ಅರ್ಧ ಪಿನ್ ತೂತಿನಲ್ಲಿ ಮುರಿದು ಉಳಿದರೆ ಯಾರು ತೆಗೀತಾರೆ?

ಎಣ್ಣೆಡಬ್ಬಿ
ಇಲ್ಲಿವರೆಗೂ ಮುರಿದಿಲ್ಲ.

ಬಿಳಿಬಟ್ಟೆ
ಮುರಿಯೋವರೆಗೂ ಎಲ್ಲರೂ ಅದನ್ನೇ ಹೇಳೋದು 😄

ತಿರುಪು
ಸ್ಕ್ರೂ ಲಿಂಕ್ ಇರುವವರ ಗತಿ? ನನ್ನದು ನಿಜವಾದ ಸ್ಕ್ರೂ, ಬಾಣ ಇಲ್ಲ, ತಲೆ ಇದೆ. ಒಂದು ಕಡೆ ತಿರುಗಿಸಿದರೆ ಇಡೀ ಸ್ಕ್ರೂ ಸುತ್ತುತ್ತದೆ, ಇನ್ನೊಂದು ಕಡೆಯೂ ಜೊತೆಗೇ ಸುತ್ತುತ್ತದೆ.

ಬೆಂಚುಲ್ಯಾಂಪ್
ಎರಡೂ ಕಡೆ ತಲೆ ಇದೆ ಅಂತಾಯ್ತು. ಎರಡು ಸ್ಕ್ರೂಡ್ರೈವರ್ ಬೇಕು, ಒಂದರಿಂದ ಆ ಕಡೆ ಹಿಡಿದುಕೊಂಡು ಇನ್ನೊಂದರಿಂದ ತಿರುಗಿಸಿ. ಬ್ಲೇಡು ಗೆರೆಯ ಪೂರ್ತಿ ಅಗಲ ತುಂಬಬೇಕು. ಚಿಕ್ಕದು ಹಾಕಿದರೆ ಗೆರೆಯ ಬಾಯಿ ಕಿತ್ತುಹೋಗುತ್ತದೆ. ಮೊದಲು ಹೇರ್ ಡ್ರೈಯರ್‌ನಿಂದ ಚೈನನ್ನು ಮಾತ್ರ ಸ್ವಲ್ಪ ಬಿಸಿ ಮಾಡಿ, ವಾಚಿನ ತಲೆಗೆ ಶಾಖ ತಾಗಬಾರದು. ಸ್ಕ್ರೂಗೆ ಅಂಟು ಹಾಕಿದ್ದರೆ ಅದು ಸಡಿಲವಾಗುತ್ತದೆ. ವಾಪಸ್ ಹಾಕುವಾಗ ನೇರಳೆ ಬಣ್ಣದ ಲಾಕ್‌ಟೈಟ್ 222 ಒಂದು ಚುಕ್ಕೆ ಸಾಕು. ಕೆಂಪು ಬೇಡವೇ ಬೇಡ, ಮುಂದೆ ಬಿಚ್ಚುವವರು ನಿಮ್ಮನ್ನು ಬೈತಾರೆ.

ಗುದ್ದಪ್ಪ
ಆ ಲಾಕ್‌ಟೈಟನ್ನೇ ಪಿನ್ನಿಗೂ ಹಾಕಿದ್ರೆ ಈ ಕಾಲರ್ ಗೀಲರ್ ತಲೆನೋವೇ ಇರಲ್ವಲ್ಲ?

ಬೆಂಚುಲ್ಯಾಂಪ್
ಸ್ಕ್ರೂಗೆ ಅಂಟು ಹಿಡಿಯೋದು ಥ್ರೆಡ್ಡಿನ ಸಂದಿನಲ್ಲಿ. ನುಣುಪು ಕಡ್ಡಿಗೆ ಹಾಕಿದರೆ ಅದು ಹರಿದು ಲಿಂಕಿನ ಕೀಲಿಗೆ ಸೇರುತ್ತದೆ. ಪಿನ್ ನಿಂತೀತು, ಲಿಂಕೂ ಮಡಚದೆ ನಿಂತೀತು.

ಸಡಿಲಚೈನು
ಅಪ್‌ಡೇಟ್. ಎರಡನೇ ಪಿನ್ ತೆಗೆದೆ. ಸರ್ ಹೇಳಿದ ಹಾಗೇ ಕೊಳವೆ ಉಳಿಯುವ ಚೈನಿನ ಕಡೆಯೇ ಇತ್ತು. ಬಾಣ ಮೇಲೆ ಮಾಡಿ ಪಿನ್ ಇಟ್ಟೆ, ಮೂರನೇ ಒಂದು ಭಾಗ ಹೋಗಿ ಟಕ್ ಅಂತ ನಿಂತಿತು. ತಟ್ಟಿದೆ, ಹೋಯಿತು. ಎರಡೂ ಬದಿ ಉಗುರಿಗೆ ತಗುಲುತ್ತಿಲ್ಲ. ಚೈನು ಎಳೆದು, ಮಡಚಿ ನೋಡಿದೆ, ಗಟ್ಟಿ ಇದೆ. ಆದರೆ ಜೋಡಿಸಿದ ಆ ಜಾಗ ಮಾತ್ರ ಬೇರೆ ಲಿಂಕಿನಷ್ಟು ಸಲೀಸಾಗಿ ಮಡಚುತ್ತಿಲ್ಲ, ಸ್ವಲ್ಪ ಬಿಗಿ.

ಬಿಳಿಬಟ್ಟೆ
ಕೊಳವೆ ನಡುವಿನ ತುಂಡಿನಿಂದ ಕೂದಲಷ್ಟು ಹೊರಗೆ ಸರಿದು ಅಂಚಿನ ತುಂಡಿಗೆ ಉಜ್ಜುತ್ತಿರಬಹುದು. ಏಟು ಹಾಕುವಾಗ ಪಿನ್ ಅದನ್ನು ತಳ್ಳಿಕೊಂಡು ಹೋಗುತ್ತದೆ. ತೆಗೆದು, ಕೊಳವೆ ನಡುವಿಗೆ ಸರಿಸಿ, ಮತ್ತೆ ಹಾಕಿ.

ಟಿಕ್‌ಟಿಕ್
ಅಥವಾ ಸಂದಿನಲ್ಲಿ ಇನ್ನೂ ಕೊಳೆ ಇರಬಹುದು. ಮೊದಲು ಬ್ರಶ್ ಮಾಡಿ, ನೀರಲ್ಲಿ ಆಡಿಸಿ ನೋಡಿ. ಸುಮ್ನೆ ಪಿನ್ ತೆಗೆದು ಹಾಕಿ ಮಾಡ್ತಾ ಇದ್ದರೆ ಕೊಳವೆ ಸವೆಯುತ್ತೆ.

ಬೆಂಚುಲ್ಯಾಂಪ್
ಎರಡೂ ಇರಬಹುದು, ಕಣ್ಣಲ್ಲಿ ನೋಡದೆ ಹೇಳಕ್ಕಾಗಲ್ಲ. ಟಿಕ್‌ಟಿಕ್ ಹೇಳಿದ್ದನ್ನು ಮೊದಲು ಮಾಡಿ. ಸರಿಹೋಗದಿದ್ದರೆ ಸಂದಿಗೆ ಬೆಳಕು ಹಿಡಿದು, ನಡುವಿನ ತುಂಡಿನ ಎರಡೂ ಪಕ್ಕದ ಅಂತರ ಹೋಲಿಸಿ. ಒಂದು ಪಕ್ಕ ಮುಚ್ಚಿಕೊಂಡಿದ್ದರೆ ಬಿಳಿಬಟ್ಟೆ ಅವರ ಮಾತೇ ಸರಿ. ತೆಗೆದ ಎರಡು ಲಿಂಕನ್ನೂ, ಮಿಕ್ಕ ಪಿನ್ನು, ಕೊಳವೆಯನ್ನೂ ಒಂದು ಚಿಕ್ಕ ಡಬ್ಬಿಯಲ್ಲಿ ಎತ್ತಿಡಿ.

ಚರ್ಮದಪಟ್ಟಿ
ಟೊಳ್ಳು ಬಾಯಿಯ ಪಂಚ್ ಸಿಕ್ತು. ತೂತು ಪಟ್ಟಿಯ ನಡುವಿಗೆ ಬರಬೇಕಂದ್ರೆ ಗುರುತು ಹೇಗೆ ಹಾಕೋದು? ಬೇರೆ ಥ್ರೆಡ್ಡಲ್ಲಿ ಯಾರೂ ಉತ್ತರ ಕೊಡ್ತಿಲ್ಲ.